ಟೀವಿ ಹಿಂದಿನಿಂದ ಮೆಟ್ಟಿಲ ತಿರುವಿಗೆ: ಒಂದು ಮನೆಯ ವೈ-ಫೈ ಅಳೆದ ಕಥೆ

ಅಕ್ಕನ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಮೂವತ್ತು-ನಲವತ್ತರ ಸೈಟು, ಪೂರ್ವಕ್ಕೆ ಬಾಗಿಲು, ಕೆಳಗೆ ಮೇಲೆ ಎರಡಂತಸ್ತು. 100 ಎಂಬಿಪಿಎಸ್‌ನ ಫೈಬರ್ ಕನೆಕ್ಷನ್ ಇದೆ. ಹಾಲ್‌ನ ಸೋಫಾದಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 95ರ ಆಸುಪಾಸು ಬರುತ್ತದೆ. ಅದೇ ಫೋನ್ ಹಿಡಿದು ಮಹಡಿಯ ಹಿಂದಿನ ರೂಮಿಗೆ ಹೋದರೆ 6-7 ಬಂದರೆ ದೊಡ್ಡದು. ಅಕ್ಕನ ಮಗಳು ಓದೋದು ಆ ರೂಮಿನಲ್ಲೇ. ಆನ್‌ಲೈನ್ ಕ್ಲಾಸಿನ ಮಧ್ಯೆ ಟೀಚರ್ ಮುಖ ನಿಂತುಬಿಡುತ್ತಿತ್ತು, ಸ್ವರ ತುಂಡಾಗುತ್ತಿತ್ತು. ಕೆಳಗೆ ನೈಋತ್ಯದ ಮಲಗುವ ಕೋಣೆಯಲ್ಲೂ ಇದೇ ಗೋಳು. ಭಾವನ ಅಮ್ಮ ಅಲ್ಲಿ ಬೀರು ಪಕ್ಕದ ಕುರ್ಚಿಯಲ್ಲಿ ಕೂತು ಪುಣೆಯಲ್ಲಿರುವ ಮೊಮ್ಮಗನಿಗೆ ವೀಡಿಯೋ ಕಾಲ್ ಮಾಡುತ್ತಾರೆ. ಪ್ರತಿ ಸಲವೂ ಎದ್ದು ಹಾಲ್‌ಗೆ ಬರಬೇಕಿತ್ತು.

ಭಾವ ಎಕ್ಸ್‌ಟೆಂಡರ್ ತರುವ ಯೋಚನೆಯಲ್ಲಿದ್ದರು. "ತರಿ ಭಾವ, ಆದರೆ ಅದಕ್ಕೂ ಮೊದಲು ಒಂದ್ಸಲ ಅಳೆದು ನೋಡೋಣ" ಅಂದೆ. ಎಕ್ಸ್‌ಟೆಂಡರ್ ತನಗೆ ಸಿಕ್ಕ ಸಿಗ್ನಲ್ಲನ್ನೇ ಮುಂದಕ್ಕೆ ಕಳಿಸುತ್ತದೆ. ಸಿಗ್ನಲ್ ಸತ್ತ ಜಾಗದಲ್ಲಿ ಅದನ್ನು ಚುಚ್ಚಿದರೆ ಫೋನಿನಲ್ಲಿ ಕಡ್ಡಿಗಳು ತುಂಬಿ ಕಾಣುತ್ತವೆ, ಕೆಲಸ ಮಾತ್ರ ಹಾಗೇ ಕುಂಟುತ್ತದೆ. ಅದರಲ್ಲೂ ಅಗ್ಗದ ಎಕ್ಸ್‌ಟೆಂಡರ್‌ಗಳು ಪಡೆಯೋದಕ್ಕೂ ಕೊಡೋದಕ್ಕೂ ಒಂದೇ ಚಾನೆಲ್ ಬಳಸುತ್ತವೆ. ಹಾಗಾಗಿ ಸಿಗುವ ವೇಗದಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ರೂಟರ್ ಇರುವ ಜಾಗವೇ ತಪ್ಪಾಗಿದ್ದರೆ ಮೊದಲು ಸರಿಮಾಡಬೇಕಾದ್ದು ಅದನ್ನೇ ಅಲ್ವಾ?

ರೂಟರ್ ಇದ್ದ ಜಾಗ

ಫೈಬರ್ ತಂತಿ ರಸ್ತೆಯ ಕಂಬದಿಂದ ಬಂದು ಹಾಲ್‌ನ ಕಿಟಕಿ ಪಕ್ಕದ ತೂತಿನಲ್ಲಿ ಒಳಗೆ ಬರುತ್ತದೆ. ಕನೆಕ್ಷನ್ ಕೊಟ್ಟ ಹುಡುಗರು ತಂತಿ ಮುಗಿದಲ್ಲೇ, ಅಂದರೆ ಈಶಾನ್ಯದ ಮೂಲೆಯಲ್ಲಿ, ಟೀವಿಯ ಹಿಂದೆ, ನೆಲದಿಂದ ಎರಡಡಿ ಎತ್ತರದಲ್ಲಿ ರೂಟರ್ ಇಟ್ಟು ಹೋಗಿದ್ದರು. ಬಹುತೇಕ ಮನೆಗಳಲ್ಲಿ ಇದೇ ಕಥೆ. ತಂತಿಗೆ ಅನುಕೂಲವಾದ ಜಾಗ ಮನೆಗೆ ಅನುಕೂಲ ಆಗಿರೋದು ಅಪರೂಪ.

ಆ ಮೂಲೆಯಿಂದ ಮಲಗುವ ಕೋಣೆಗೆ ಒಂದು ಗೆರೆ ಎಳೆದು ನೋಡಿ. ಮೊದಲು ಟೀವಿ ಅಡ್ಡ. ಅದರ ಬೆನ್ನಲ್ಲಿ ಲೋಹದ ತಗಡಿದೆ. ಆಮೇಲೆ ಡೈನಿಂಗ್‌ನಲ್ಲಿ ಫ್ರಿಜ್, ಅದಾದ ಮೇಲೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಕೊನೆಗೆ ಕಬ್ಬಿಣದ ಬೀರು. ಮೇಲಿನ ಓದುವ ರೂಮಿನ ಕಥೆ ಬೇರೆ. ಅಲ್ಲಿಗೆ ಸಿಗ್ನಲ್ ಮೋಲ್ಡನ್ನು ದಾಟಿ ಹೋಗಬೇಕು, ಅದೂ ನೇರವಾಗಿ ಅಲ್ಲ, ಓರೆಯಾಗಿ. ಐದಿಂಚಿನ ಮೋಲ್ಡನ್ನು ಓರೆಯಾಗಿ ದಾಟುವಾಗ ಕಾಂಕ್ರೀಟಿನೊಳಗಿನ ದಾರಿ ಐದಿಂಚಿಗಿಂತ ಎಷ್ಟೋ ಉದ್ದವಾಗುತ್ತದೆ. ಒಳಗೆ ಕಬ್ಬಿಣದ ಸರಳುಗಳ ಜಾಲ ಬೇರೆ ಇದೆ.

ಯಾವ ಆ್ಯಪ್, ಯಾವ ಅಂಕಿ

ಆಂಡ್ರಾಯ್ಡ್ ಫೋನಿನಲ್ಲಿ VREM ಅನ್ನುವವರ WiFi Analyzer ಹಾಕಿಕೊಂಡೆ. ಓಪನ್ ಸೋರ್ಸ್ ಆ್ಯಪ್, ಜಾಹೀರಾತಿಲ್ಲ, ಇಂಟರ್ನೆಟ್ ಅನುಮತಿಯನ್ನೂ ಕೇಳೋದಿಲ್ಲ. ಲೊಕೇಶನ್ ಅನುಮತಿ ಮಾತ್ರ ಕೊಡಲೇಬೇಕು, ಇಲ್ಲದಿದ್ದರೆ ಪಟ್ಟಿ ಖಾಲಿ ಕಾಣುತ್ತದೆ. ಸುತ್ತಲಿನ ವೈ-ಫೈ ಹೆಸರುಗಳಿಂದ ನೀವಿರುವ ಜಾಗ ಊಹಿಸಬಹುದು ಅನ್ನೋ ಕಾರಣಕ್ಕೆ ಆಂಡ್ರಾಯ್ಡ್ ಈ ನಿಯಮ ಇಟ್ಟಿದೆ. ಭಾವನದು ಐಫೋನ್. ಅಲ್ಲಿ ಹೊರಗಿನ ಆ್ಯಪ್‌ಗಳಿಗೆ ಅಕ್ಕಪಕ್ಕದ ವೈ-ಫೈ ಪಟ್ಟಿ ನೋಡಲು ಆಪಲ್ ಬಿಡೋದಿಲ್ಲ. ಆಪಲ್‌ನದೇ AirPort Utility ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಹೋಗಿ Wi-Fi Scanner ಆನ್ ಮಾಡಿದರೆ ಸಿಗ್ನಲ್ ಅಂಕಿ ಸಿಗುತ್ತದೆ.

ಆ ಅಂಕಿ ಡಿಬಿಎಂ ಲೆಕ್ಕದಲ್ಲಿ ಇರುತ್ತದೆ, ಯಾವಾಗಲೂ ಮೈನಸ್. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ವೀಡಿಯೋ ಕಾಲ್ ನೆಮ್ಮದಿಯಾಗಿ ನಡೆಯಬೇಕಾದರೆ -67 ಅಥವಾ ಅದಕ್ಕಿಂತ ಚೆನ್ನಾಗಿರಬೇಕು ಅಂತ ಈ ಕೆಲಸ ಮಾಡುವವರು ಇಟ್ಟುಕೊಂಡಿರುವ ಅಂದಾಜು. -70 ದಾಟಿದರೆ ವೇಗ ಇಳಿಯುತ್ತದೆ, -80 ದಾಟಿದರೆ ಕನೆಕ್ಷನ್ ಇದ್ದೂ ಇಲ್ಲದ ಹಾಗೆ. ಈ ಅಳತೆಯಲ್ಲಿ 3 ಇಳಿದರೆ ಸಿಗ್ನಲ್ಲಿನ ಶಕ್ತಿ ಅರ್ಧ ಆಯ್ತು ಅಂತ ಅರ್ಥ, 10 ಇಳಿದರೆ ಹತ್ತರಲ್ಲಿ ಒಂದು ಪಾಲು. ಹಾಗಾಗಿ -68ಕ್ಕೂ -85ಕ್ಕೂ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣೋದಕ್ಕಿಂತ ತುಂಬಾ ದೊಡ್ಡದು.

ಆ್ಯಪ್ ಪಕ್ಕದಲ್ಲಿ ಮೀಟರ್ ಲೆಕ್ಕದಲ್ಲಿ ದೂರವನ್ನೂ ತೋರಿಸುತ್ತದೆ. ಅದನ್ನು ನೋಡಲೇಬೇಡಿ. ಸಿಗ್ನಲ್ ನೋಡಿ ಊಹಿಸಿದ ಅಂಕಿ ಅದು, ನಡುವೆ ಗೋಡೆ ಬಂದರೆ ಅದಕ್ಕೆ ಬೆಲೆಯಿಲ್ಲ.

ಅಳೆದ ಕ್ರಮ

ಹಾಳೆಯ ಮೇಲೆ ಎರಡೂ ಅಂತಸ್ತಿನ ನಕ್ಷೆ ಬರೆದು, ಜನ ನಿಜವಾಗಿ ಕೂತು ಫೋನ್ ಬಳಸುವ ಜಾಗಗಳನ್ನಷ್ಟೇ ಗುರುತು ಹಾಕಿಕೊಂಡೆವು. ಬಚ್ಚಲುಮನೆ, ಉಗ್ರಾಣ ಬಿಟ್ಟೆವು. ಪ್ರತಿ ಜಾಗದಲ್ಲೂ ಅದೇ ಫೋನು, ಎದೆಮಟ್ಟದ ಎತ್ತರ. ಫೋನಿನ ಕವರ್ ತೆಗೆಯಲಿಲ್ಲ, ದಿನಾ ಬಳಸೋದು ಹಾಗೇ ತಾನೇ. ಬಾಗಿಲುಗಳನ್ನೂ ದಿನಾ ಇರುವ ಹಾಗೇ ಬಿಟ್ಟೆವು. ಒಂದು ಜಾಗದಲ್ಲಿ ನಿಂತು ನಾಲ್ಕೂ ದಿಕ್ಕಿಗೆ ತಿರುಗಿ ನೋಡಬೇಕು, ಯಾಕಂದರೆ ನಮ್ಮ ಮೈಯೇ ಸಿಗ್ನಲ್ ತಡೆಯುತ್ತದೆ. ರೂಟರ್ ಕಡೆ ಬೆನ್ನು ಹಾಕಿದರೆ ಅಂಕಿ ಐದಾರು ಕೆಳಗಿಳಿಯೋದು ಮಾಮೂಲು. ನಾಲ್ಕರಲ್ಲಿ ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ನಡುವಿನದನ್ನು ಬರೆದುಕೊಂಡೆವು.

ಇಲ್ಲೊಂದು ವಿಷಯ ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಆಂಡ್ರಾಯ್ಡ್ 9ರಿಂದ ಈಚೆಗೆ ಒಂದು ಆ್ಯಪ್ ಎರಡು ನಿಮಿಷಕ್ಕೆ ನಾಲ್ಕು ಸಲ ಮಾತ್ರ ಸ್ಕ್ಯಾನ್ ಮಾಡಬಹುದು. ಅಂದರೆ ನೀವು ಹಾಲ್‌ನಿಂದ ಹೊರಟು ಮಲಗುವ ಕೋಣೆಗೆ ಬಂದು ನಿಂತರೂ ಪರದೆಯ ಮೇಲೆ ಹಾಲ್‌ನ ಅಂಕಿಯೇ ಇರಬಹುದು. ಗುರುತು ಹಿಡಿಯೋದು ಸುಲಭ: ಸರಿಯಾಗಿ ಓಡುತ್ತಿರುವ ಅಂಕಿ ನಿಂತಲ್ಲೇ ಒಂದೆರಡು ಆಚೀಚೆ ಆಗುತ್ತಿರುತ್ತದೆ. ನಡೆಯುವಾಗಲೂ ಒಂದಿಷ್ಟೂ ಕದಲದಿದ್ದರೆ ಅದು ಹಳೆಯದು. ಆಂಡ್ರಾಯ್ಡ್ 10 ಅಥವಾ ಅದರ ನಂತರದ್ದಾದರೆ ಡೆವಲಪರ್ ಆಪ್ಶನ್ಸ್‌ನಲ್ಲಿ Wi-Fi scan throttling ಆಫ್ ಮಾಡಿದರೆ ಈ ತಡೆ ಹೋಗುತ್ತದೆ. ಅಳತೆ ಮುಗಿದ ಮೇಲೆ ಮತ್ತೆ ಆನ್ ಮಾಡಿಬಿಡಿ, ಬ್ಯಾಟರಿ ಉಳಿಯುತ್ತದೆ.

ಇನ್ನೊಂದು ಗೊಂದಲ ಹೆಸರಿನದು. ರೂಟರ್ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತಿತ್ತು. ಆ್ಯಪ್‌ನಲ್ಲಿ ಒಂದೇ ಹೆಸರು ಎರಡು ಸಾಲಾಗಿ ಕಾಣುತ್ತದೆ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಬೇಕು. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ಬಂದರೆ ಬೇಗ ಸೋಲುತ್ತದೆ. 2.4 ನಿಧಾನ, ಆದರೆ ಗೋಡೆ ದಾಟುತ್ತದೆ.

ಓದುವ ಮೇಜಿನ ಹತ್ತಿರ 5 ಗಿಗಾಹರ್ಟ್ಸ್ -85 ಬಂತು, 2.4 -72. ಮಲಗುವ ಕೋಣೆಯ ಮಂಚದ ಹತ್ತಿರ -79 ಮತ್ತು -66. ಬೀರು ಪಕ್ಕದ ಕುರ್ಚಿಯಲ್ಲಿ -86 ಮತ್ತು -73. ಮಂಚದಿಂದ ಕುರ್ಚಿಗೆ ನಾಲ್ಕು ಹೆಜ್ಜೆ. ಅಷ್ಟರಲ್ಲೇ 7 ಇಳಿದಿತ್ತು. ದೂರ ಹೆಚ್ಚಾಗಿದ್ದಕ್ಕೆ ಇಷ್ಟು ಇಳಿಯೋದಿಲ್ಲ. ಕುರ್ಚಿ ಇದ್ದದ್ದು ಬೀರುವಿನ ನೆರಳಿನಲ್ಲಿ.

ಫೈಬರ್ ಮುಟ್ಟುವ ಮೊದಲು ಜಾಗ ಪರೀಕ್ಷೆ

ರೂಟರ್ ಎಲ್ಲಿಡಬಹುದು ಅನ್ನೋದಕ್ಕೆ ಮೂರು ಜಾಗ ಹೊಳೆದವು: ಅದೇ ಮೂಲೆಯಲ್ಲಿ ಶೋಕೇಸಿನ ಮೇಲೆ, ಡೈನಿಂಗ್‌ನಲ್ಲಿ ಫ್ರಿಜ್‌ನ ಮೇಲಿನ ಗೋಡೆ, ಇಲ್ಲಾ ಮೆಟ್ಟಿಲು ತಿರುಗುವ ಕಡೆಯ ಗೋಡೆ. ಆದರೆ ಫೈಬರ್ ರೂಟರ್ರನ್ನು ಎತ್ತಿ ಎತ್ತಿ ಇಟ್ಟು ನೋಡೋಕಾಗಲ್ಲ. ಅದರ ಹಿಂದಿನ ತೆಳ್ಳನೆ ತಂತಿಯೊಳಗೆ ಗಾಜಿನ ಎಳೆ ಇದೆ. ಜೋರಾಗಿ ಮಡಚಿದರೆ ಬೆಳಕು ಸೋರುತ್ತದೆ, ಕೊನೆಯ ಹಸಿರು ಕನೆಕ್ಟರ್‌ಗೆ ಧೂಳು ಕೂತರೂ ತೊಂದರೆ.

ಅದಕ್ಕೆ ಒಂದು ಉಪಾಯ ಇದೆ, ನನಗೆ ತುಂಬಾ ಇಷ್ಟವಾದದ್ದು. ರೂಟರ್ ಬದಲು ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಇಡೋದು. ಅಕ್ಕನ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಅದರ ಸೆಟ್ಟಿಂಗ್ಸ್‌ನಲ್ಲಿ 5 ಗಿಗಾಹರ್ಟ್ಸ್ ಆರಿಸಿದೆವು. ಇಂಟರ್ನೆಟ್ ಬೇಕಾಗಿಲ್ಲ, ಡೇಟಾ ಆಫ್ ಇದ್ದರೂ ಸಿಗ್ನಲ್ ಹೊರಡುತ್ತದೆ. ಮೊದಲು ಆ ಫೋನನ್ನು ರೂಟರ್ ಇದ್ದ ಜಾಗದಲ್ಲೇ, ಟೀವಿ ಹಿಂದೆ ನಿಲ್ಲಿಸಿ ತೊಂದರೆಯ ಜಾಗಗಳಲ್ಲಿ ಅಳೆದೆವು. ಆಮೇಲೆ ಒಂದೊಂದೇ ಹೊಸ ಜಾಗದಲ್ಲಿ ಅದೇ ರೀತಿ ನಿಲ್ಲಿಸಿ ಮತ್ತೆ ಅಳೆದೆವು.

ಫೋನಿನ ಶಕ್ತಿ ರೂಟರ್‌ಗಿಂತ ಕಡಿಮೆ, ಹಾಗಾಗಿ ಅಂಕಿಗಳೆಲ್ಲ ಕೆಳಗೇ ಬರುತ್ತವೆ. ಅದಕ್ಕೆ ಹೆದರಬೇಕಾಗಿಲ್ಲ. ನಮಗೆ ಬೇಕಾಗಿರೋದು ಹಳೇ ಜಾಗಕ್ಕೂ ಹೊಸ ಜಾಗಕ್ಕೂ ಇರುವ ವ್ಯತ್ಯಾಸ ಮಾತ್ರ. ಗೋಡೆ, ಬೀರು, ಮೋಲ್ಡು ಹಾಟ್‌ಸ್ಪಾಟ್‌ಗೂ ಒಂದೇ, ರೂಟರ್‌ಗೂ ಒಂದೇ.

ಟೀವಿ ಹಿಂದಿದ್ದಾಗ ಓದುವ ಮೇಜಿನಲ್ಲಿ ಹಾಟ್‌ಸ್ಪಾಟ್ -91 ತೋರಿಸಿ ಆಗಾಗ ಪಟ್ಟಿಯಿಂದಲೇ ಮಾಯವಾಗುತ್ತಿತ್ತು. ಶೋಕೇಸಿನ ಮೇಲಿಟ್ಟಾಗ -86. ಬರೀ ಟೀವಿಯ ಮರೆಯಿಂದ ಹೊರಗೆ ಬಂದಿದ್ದಕ್ಕೇ 5 ಲಾಭ. ಬೇರೇನೂ ಮಾಡಲಾಗದ ಮನೆಯಲ್ಲಿ ಇಷ್ಟಾದರೂ ಮಾಡಬಹುದು, ಖರ್ಚಿಲ್ಲ. ಫ್ರಿಜ್ ಮೇಲಿನ ಗೋಡೆಯಲ್ಲಿ ಮಂಚದ ಹತ್ತಿರ ಚೆನ್ನಾಗಿ ಬಂತು, -70. ಆದರೆ ಓದುವ ಮೇಜಿನಲ್ಲಿ -80, ಯಾಕಂದರೆ ಮೋಲ್ಡ್ ಇನ್ನೂ ಅಡ್ಡ ಇತ್ತು. ಮೆಟ್ಟಿಲ ತಿರುವಿನಲ್ಲಿ ಎತ್ತರಕ್ಕೆ ಹಿಡಿದಾಗ ಓದುವ ಮೇಜಿನಲ್ಲಿ -75, ಮಂಚದ ಹತ್ತಿರ -72.

ಮೆಟ್ಟಿಲ ತಿರುವು ಗೆದ್ದಿದ್ದಕ್ಕೆ ಕಾರಣ ಸರಳ. ಮೆಟ್ಟಿಲಿಗಾಗಿ ಮೋಲ್ಡ್‌ನಲ್ಲಿ ದೊಡ್ಡ ಕಂಡಿ ಬಿಟ್ಟಿರುತ್ತಾರೆ. ತಿರುವಿನ ಗೋಡೆಯಲ್ಲಿ ತಲೆಯೆತ್ತರದಲ್ಲಿ ರೂಟರ್ ಇಟ್ಟರೆ ಅದು ಹೆಚ್ಚುಕಡಿಮೆ ಮೋಲ್ಡ್‌ನ ಮಟ್ಟಕ್ಕೇ ಬರುತ್ತದೆ. ಸಿಗ್ನಲ್‌ಗೆ ಮೇಲಕ್ಕೂ ದಾರಿ ಬಯಲು, ಕೆಳಕ್ಕೂ ಬಯಲು. ಮನೆಯ ಪೂರ್ವ-ಪಶ್ಚಿಮದ ನಡುಭಾಗವೂ ಅದೇ. ಎರಡಂತಸ್ತಿನ ಮನೆಯಲ್ಲಿ ಒಳಗೇ ಮೆಟ್ಟಿಲಿದ್ದರೆ ನಾನು ಮೊದಲು ನೋಡೋದು ಆ ಜಾಗವನ್ನೇ. ಮೆಟ್ಟಿಲು ಮನೆಯ ಹೊರಗಿದ್ದರೆ ಈ ಲೆಕ್ಕ ನಡೆಯೋದಿಲ್ಲ. ಆಗ ಕೆಳಗೊಂದು ಮೇಲೊಂದು ರೂಟರ್ ಇಟ್ಟು ನಡುವೆ ಲ್ಯಾನ್ ಕೇಬಲ್ ಎಳೆಯೋದೇ ಸರಿ.

ಜಾಗ ಬದಲಾಯಿಸಿದ್ದು

ಕನೆಕ್ಷನ್ ಕೊಟ್ಟ ಕಂಪನಿಗೆ ಹೇಳಿ ಕಿಟಕಿ ಪಕ್ಕದ ಪುಟ್ಟ ಡಬ್ಬಿಯಿಂದ ಮೆಟ್ಟಿಲವರೆಗೆ 15 ಮೀಟರಿನ ಪ್ಯಾಚ್ ಕಾರ್ಡ್, ಅಂದರೆ ಎರಡೂ ತುದಿಗೆ ಕನೆಕ್ಟರ್ ಇರುವ ಫೈಬರ್ ತಂತಿ, ಹಾಕಿಸಿದೆವು. ಗೋಡೆಯ ಮೂಲೆಗಳಲ್ಲಿ ತಂತಿ ಚೂಪಾಗಿ ಮಡಚದ ಹಾಗೆ ದುಂಡಗೆ ತಿರುಗಿಸಿ ಕೇಸಿಂಗ್ ಪಟ್ಟಿಯೊಳಗೆ ಬಿಟ್ಟರು. ಮೆಟ್ಟಿಲ ದೀಪದ ಸ್ವಿಚ್ ಬೋರ್ಡಿನಿಂದ ಎಲೆಕ್ಟ್ರಿಷಿಯನ್ ಒಂದು ಪ್ಲಗ್ ಪಾಯಿಂಟ್ ಎಳೆದುಕೊಟ್ಟರು. ಅದು ಯುಪಿಎಸ್ ಲೈನಿನಲ್ಲೇ ಇರಲಿ ಅಂತ ಭಾವ ಮೊದಲೇ ಹೇಳಿಟ್ಟಿದ್ದರು, ಒಳ್ಳೆಯದಾಯ್ತು. ಕರೆಂಟ್ ಹೋದರೂ ಕ್ಲಾಸ್ ನಿಲ್ಲೋದಿಲ್ಲ.

ಮತ್ತೆ ಅದೇ ಫೋನು, ಅದೇ ಜಾಗಗಳು. 5 ಗಿಗಾಹರ್ಟ್ಸ್‌ನ ಅಂಕಿಗಳು ಹೀಗಿದ್ದವು:

| ಜಾಗ | ಟೀವಿ ಹಿಂದೆ | ಮೆಟ್ಟಿಲ ತಿರುವು |
|---|---|---|
| ಹಾಲ್, ಸೋಫಾ | -48 | -57 |
| ಅಡುಗೆಮನೆ | -63 | -61 |
| ಮಂಚ | -79 | -66 |
| ಬೀರು ಪಕ್ಕದ ಕುರ್ಚಿ | -86 | -74 |
| ಮೇಲೆ, ಓದುವ ಮೇಜು | -85 | -68 |

ಹಾಲ್‌ನಲ್ಲಿ 9 ಕಳೆದುಕೊಂಡೆವು, ಆದರೆ -57 ಕೂಡ ಧಾರಾಳ. ಟೀವಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಓದುವ ಮೇಜಿಗೆ 17 ಸಿಕ್ಕಿತು. ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು 50 ಪಟ್ಟು. ಹಾಟ್‌ಸ್ಪಾಟ್ ಪರೀಕ್ಷೆಯಲ್ಲಿ ಅಲ್ಲಿ ಕಂಡ ವ್ಯತ್ಯಾಸ 16 ಇತ್ತು. ಒಂದು ಮೊಳೆಯನ್ನೂ ಹೊಡೆಯದೆ ಸಿಕ್ಕಿದ ಅಂದಾಜು ಇಷ್ಟು ಹತ್ತಿರ ಬಂದದ್ದು ನೋಡಿ ಖುಷಿಯಾಯ್ತು.

ರೂಟರ್‌ಗೆ ಎರಡು ಕಡ್ಡಿ ಆಂಟೆನಾ ಇವೆ. ನೆಟ್ಟಗೆ ನಿಂತ ಕಡ್ಡಿಯ ಸುತ್ತ ಸಿಗ್ನಲ್ ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತದೆ. ಕಡ್ಡಿ ವಡೆಯ ತೂತಿನಲ್ಲಿ ನಿಂತಿದೆ ಅಂದುಕೊಳ್ಳಿ. ಪಕ್ಕಕ್ಕೆ ಜಾಸ್ತಿ, ತುದಿಯ ನೇರಕ್ಕೆ ಕಡಿಮೆ. ಒಂದನ್ನು ನೆಟ್ಟಗೆ ಇಟ್ಟು ಇನ್ನೊಂದನ್ನು ಮಲಗಿಸಿ ನೋಡಿದಾಗ ಮೇಲಿನ ಮುಂದಿನ ರೂಮಿನಲ್ಲಿ 2-3 ಹೆಚ್ಚಾದ ಹಾಗೆ ಕಂಡಿತು. ಆದರೆ ಫೋನಿನ ಅಂಕಿ ಸುಮ್ನೆ ನಿಂತಾಗಲೂ ಅಷ್ಟು ಕುಣಿಯುತ್ತದೆ. ಹಾಗಾಗಿ ಅದನ್ನು ಲಾಭ ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ. ಇಂಥ ಅಳತೆಯಲ್ಲಿ 5ಕ್ಕಿಂತ ಕಡಿಮೆ ವ್ಯತ್ಯಾಸವನ್ನು ನಂಬಬಾರದು.

ಸಿಗ್ನಲ್ ಬಂದರೂ ಸಂಜೆಗೆ ನಿಧಾನ

ಕುರ್ಚಿಯ ಹತ್ತಿರ 2.4ರ ಅಂಕಿ -73ರಿಂದ -63ಕ್ಕೆ ಬಂದಿತ್ತು. ಹಗಲು ಕಾಲ್ ಚೆನ್ನಾಗಿ ಹೋಗುತ್ತಿತ್ತು. ರಾತ್ರಿ ಎಂಟರ ಮೇಲೆ ಮತ್ತೆ ತುಂಡು ತುಂಡು. ಅಂಕಿ ಅಷ್ಟೇ ಇದೆ, ಕೆಲಸ ಕೆಟ್ಟಿದೆ ಅಂದರೆ ತೊಂದರೆ ಬೇರೆ ಕಡೆ ಇದೆ ಅಂತ. ಆ್ಯಪ್‌ನ ಚಾನೆಲ್ ಗ್ರಾಫ್ ತೆರೆದಾಗ ಅದು ಕಣ್ಣಿಗೇ ಕಂಡಿತು. ಪ್ರತಿ ವೈ-ಫೈ ಒಂದೊಂದು ಗುಡ್ಡದ ಹಾಗೆ ಕಾಣುತ್ತದೆ, ಎತ್ತರ ಸಿಗ್ನಲ್ಲಿನದು, ಅಗಲ ಅದು ಹಿಡಿದ ಚಾನೆಲ್‌ಗಳದ್ದು. ನಮ್ಮ ಗುಡ್ಡ 6ನೇ ಚಾನೆಲ್ ಸುತ್ತ ಅಗಲಕ್ಕೆ ಕೂತಿತ್ತು. ಪಕ್ಕದ ಮನೆಯದು 9ರಲ್ಲಿ, ಹೆಚ್ಚುಕಡಿಮೆ ನಮ್ಮಷ್ಟೇ ಎತ್ತರ. ನಾಲ್ಕೈದು ಸಣ್ಣವು 6ರಲ್ಲೇ. 1ರ ಕಡೆ ಬಹುತೇಕ ಖಾಲಿ.

2.4ರಲ್ಲಿ ಚಾನೆಲ್ ನಂಬರುಗಳು ಹತ್ತಿರ ಹತ್ತಿರ ಇವೆ, 5 ಮೆಗಾಹರ್ಟ್ಸ್ ಅಂತರ. ಒಂದು ವೈ-ಫೈಗೆ ಬೇಕಾಗೋದು 20. ಅದಕ್ಕೇ 1, 6, 11 ಮಾತ್ರ ಒಂದನ್ನೊಂದು ಮುಟ್ಟದೆ ಇರುತ್ತವೆ. ಒಂದೇ ಚಾನೆಲ್‌ನಲ್ಲಿ ಇಬ್ಬರಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ, ಸರದಿಯಲ್ಲಿ ಮಾತಾಡುತ್ತಾರೆ. 6 ಮತ್ತು 9ರ ಹಾಗೆ ಅರ್ಧಂಬರ್ಧ ಮೇಲೆ ಬಿದ್ದರೆ ಒಬ್ಬರದು ಇನ್ನೊಬ್ಬರಿಗೆ ಬರೀ ಗದ್ದಲ. ನಡುವೆ ಖಾಲಿ ಕಂಡಿತು ಅಂತ 3 ಅಥವಾ 4 ಆರಿಸಿದರೆ 1ರವರಿಗೂ 6ರವರಿಗೂ ತೊಂದರೆ, ನಮಗೂ ತೊಂದರೆ.

ರೂಟರ್‌ನ ಪುಟಕ್ಕೆ ಹೋಗಿ 2.4ರ ಅಗಲವನ್ನು 40ರಿಂದ 20ಕ್ಕೆ ಇಳಿಸಿ, ಚಾನೆಲ್ಲನ್ನು ಆಟೋ ಬಿಡಿಸಿ 1ಕ್ಕೆ ಕೂರಿಸಿದೆವು. 5 ಗಿಗಾಹರ್ಟ್ಸ್ ಮುಟ್ಟಲಿಲ್ಲ, ಅಲ್ಲಿ ಅಕ್ಕಪಕ್ಕದವರ ಸಿಗ್ನಲ್ ನಮ್ಮ ಗೋಡೆ ದಾಟಿ ಬರುವಷ್ಟರಲ್ಲಿ ಸೋತಿರುತ್ತದೆ.

ಇಂಥ ಗದ್ದಲ ಹಗಲು ಅಳೆದರೆ ಗೊತ್ತಾಗೋದಿಲ್ಲ. ಜನ ಮನೆಯಲ್ಲಿರುವ ಹೊತ್ತಿಗೇ ಚಾನೆಲ್ ಗ್ರಾಫ್ ನೋಡಬೇಕು. ಮತ್ತೆ ಆ್ಯಪ್‌ಗೆ ಕಾಣೋದು ವೈ-ಫೈ ಮಾತ್ರ. ಮೈಕ್ರೋವೇವ್ ಒಲೆಯೂ 2.4ರ ಆಸುಪಾಸಿನಲ್ಲೇ ಗದ್ದಲ ಎಬ್ಬಿಸುತ್ತದೆ, ಅದರ ಗುಡ್ಡ ಯಾವ ಗ್ರಾಫಿನಲ್ಲೂ ಬರೋದಿಲ್ಲ. ಒಲೆ ಓಡುವಾಗ ಮಾತ್ರ ಕಾಲ್ ಕೆಡುತ್ತದೆ ಅನ್ನೋದೇ ಅದರ ಗುರುತು.

ಸರಿಯಾಯ್ತು ಅಂತ ತಿಳಿದದ್ದು ಹೇಗೆ

ಸ್ಪೀಡ್ ಟೆಸ್ಟ್ ಒಂದನ್ನೇ ನಂಬಿದರೆ ತಪ್ಪು ವೈ-ಫೈದೋ ಹೊರಗಿನ ಲೈನಿನದೋ ತಿಳಿಯೋದಿಲ್ಲ. ಓದುವ ಮೇಜಿನ ಮೇಲಿನ ವಿಂಡೋಸ್ ಲ್ಯಾಪ್‌ಟಾಪ್‌ನಿಂದ ರೂಟರ್‌ಗೇ ಪಿಂಗ್ ಮಾಡಿದೆವು. ರೂಟರ್ ವಿಳಾಸ ಕೆಲವು ಮನೆಯಲ್ಲಿ ಬೇರೆ ಇರುತ್ತದೆ.

```
netsh wlan show interfaces
ping -n 50 192.168.1.1
```

ಮೊದಲನೆಯ ಸಾಲು ಲ್ಯಾಪ್‌ಟಾಪ್ ಯಾವ ಚಾನೆಲ್ ಹಿಡಿದಿದೆ ಅಂತ ಹೇಳುತ್ತದೆ. 36 ಅಥವಾ ಮೇಲಿದ್ದರೆ ಸಾಮಾನ್ಯವಾಗಿ 5 ಗಿಗಾಹರ್ಟ್ಸ್. ಎರಡನೆಯದು ರೂಟರ್‌ನವರೆಗೆ ಹೋಗಿ ಬರುವ ಹೊತ್ತನ್ನು ಅಳೆಯುತ್ತದೆ, ಹೊರಗಿನ ಇಂಟರ್ನೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ರೂಟರ್ ಟೀವಿ ಹಿಂದಿದ್ದಾಗ ಇದನ್ನು ಓಡಿಸಿ ಇಟ್ಟುಕೊಂಡಿದ್ದೆವು: ಕೆಲವು ಪಿಂಗ್ ಉತ್ತರವೇ ಬರದೆ ಕಳೆದುಹೋಗಿದ್ದವು, ಕೆಲವು 200 ಮಿಲಿಸೆಕೆಂಡ್ ದಾಟಿದ್ದವು. ಈಗ ಒಂದೂ ಕಳೆಯಲಿಲ್ಲ, ಹೆಚ್ಚಿನವು 2ರಿಂದ 6ರೊಳಗೆ. ಸ್ಪೀಡ್ ಟೆಸ್ಟ್‌ನಲ್ಲೂ 80ರ ಮೇಲೆ ಬಂತು. ಕ್ಲಾಸಿಗೆ ಮುಖ್ಯ ಆಗಿದ್ದು ಮಾತ್ರ ಪಿಂಗ್‌ನ ಅಂಕಿ. ವೀಡಿಯೋ ಕಾಲ್‌ಗೆ ವೇಗಕ್ಕಿಂತ ಹೊತ್ತು ಒಂದೇ ಸಮ ಇರೋದು ಬೇಕು.

ಉಳಿದಿರುವ ಒಂದೇ ಬಡ ಜಾಗ ಬೀರು ಪಕ್ಕದ ಕುರ್ಚಿ. 5 ಗಿಗಾಹರ್ಟ್ಸ್ ಅಲ್ಲಿ ಇನ್ನೂ -74. ಬೀರು ನೈಋತ್ಯ ಬಿಟ್ಟು ಕದಲೋದಿಲ್ಲ, ಅದು ಮನೆಯವರ ನಂಬಿಕೆ, ಅದನ್ನು ಕದಲಿಸುವ ಅಗತ್ಯವೂ ಇಲ್ಲ. ಭಾವನ ಅಮ್ಮನ ಫೋನು ಅಲ್ಲಿ ತಾನಾಗೇ 2.4ಕ್ಕೆ ಇಳಿಯುತ್ತದೆ, -63ರಲ್ಲಿ ಕಾಲ್ ಚೆನ್ನಾಗೇ ನಡೆಯುತ್ತಿದೆ. ರೂಟರ್ ರೀಸೆಟ್ ಆದರೆ ಇಲ್ಲಾ ಕಂಪನಿಯವರು ಅದನ್ನು ಬದಲಾಯಿಸಿದರೆ ಚಾನೆಲ್ ಮತ್ತೆ ಆಟೋಗೆ, ಅಗಲ ಮತ್ತೆ 40ಕ್ಕೆ ಹೋಗಬಹುದು. ಅದಕ್ಕೆ ಆ ಎರಡು ಸೆಟ್ಟಿಂಗನ್ನೂ ಅಳತೆಯ ಅಂಕಿಗಳನ್ನೂ ಬರೆದ ಹಾಳೆಯನ್ನು ಅಕ್ಕ ಮೆಟ್ಟಿಲ ಸ್ವಿಚ್ ಬೋರ್ಡಿನ ಪಕ್ಕದಲ್ಲೇ ಅಂಟಿಸಿಟ್ಟಿದ್ದಾಳೆ.